ಮುಟ್ಟು ನಿಂತಿದೆ, ಪಿಸಿಆರ್‌ನಲ್ಲಿ ಟಿಬಿ ಅಂತ ಬಂದಿದೆ: ಮಾತ್ರೆ ಶುರು ಮಾಡಬೇಕಾ?

ಪ್ರಶ್ನೆ: ನನಗೆ 26 ವರ್ಷ, ಮದುವೆಯಾಗಿ ಮೂರು ವರ್ಷ. ಮೊದಲು ನಾಲ್ಕೈದು ದಿನ ಆಗುತ್ತಿದ್ದ ಮುಟ್ಟು ಎರಡು ವರ್ಷದಿಂದ ಕಡಿಮೆಯಾಗುತ್ತಾ ಬಂದು, ಏಳು ತಿಂಗಳಿಂದ ಪೂರ್ತಿ ನಿಂತಿದೆ. ಹಾರ್ಮೋನ್ ಟೆಸ್ಟ್ ಎಲ್ಲ ನಾರ್ಮಲ್. ಮುಟ್ಟು ಬರಿಸುವ ಮಾತ್ರೆ ಎರಡು ಸಲ ತಗೊಂಡೆ, ಬರಲಿಲ್ಲ. ಈಗ ಗರ್ಭಕೋಶದಿಂದ ಚೂರು ತೆಗೆದು ಪಿಸಿಆರ್ ಮಾಡಿದ್ದಾರೆ, ಟಿಬಿ ಪಾಸಿಟಿವ್ ಅಂತ ಬಂದಿದೆ. ಕೆಮ್ಮಿಲ್ಲ, ಜ್ವರವಿಲ್ಲ, ಎದೆಯ ಎಕ್ಸ್‌ರೇ ಸರಿಯಿದೆ. ಹನ್ನೊಂದನೇ ವಯಸ್ಸಿನಲ್ಲಿ ಕತ್ತಿನಲ್ಲಿ ಗಂಟು ಬಂದು ಕೆಲವು ತಿಂಗಳು ಮಾತ್ರೆ ನುಂಗಿದ ನೆನಪಿದೆ. ಅಬಾರ್ಷನ್, ಡಿ ಆಂಡ್ ಸಿ ಯಾವುದೂ ಆಗಿಲ್ಲ. ಆರು ತಿಂಗಳ ಟಿಬಿ ಮಾತ್ರೆ ಶುರು ಮಾಡಬೇಕಾ? ತಗೊಂಡರೆ ಮುಟ್ಟು ವಾಪಸ್ ಬರುತ್ತಾ? ಮಗು ಆಗುತ್ತಾ?

ಉತ್ತರ: ಆ ಪಿಸಿಆರ್ ರಿಪೋರ್ಟ್ ಒಂದನ್ನೇ ನಂಬಿ ನಾಳೆಯಿಂದಲೇ ಮಾತ್ರೆ ಶುರು ಮಾಡಬೇಡಿ. ಹಾಗಂತ ಅದನ್ನು ಮೂಲೆಗೆ ಎಸೆಯಲೂಬೇಡಿ. ನಿಮ್ಮ ವಿಷಯದಲ್ಲಿ ಟಿಬಿಯ ಅನುಮಾನ ಗಟ್ಟಿಯಾಗಿಯೇ ಇದೆ. ಆದರೆ ಆ ಅನುಮಾನ ನನಗೆ ಬಂದದ್ದು ಪಿಸಿಆರ್‌ನಿಂದ ಅಲ್ಲ, ನೀವು ಕೊನೆಯಲ್ಲಿ ಬರೆದ ಎರಡು ಸಾಲುಗಳಿಂದ. ಚಿಕ್ಕಂದಿನಲ್ಲಿ ಕತ್ತಿನ ಗಂಟಿಗೆ ತಿಂಗಳುಗಟ್ಟಲೆ ಮಾತ್ರೆ ನುಂಗಿದ್ದೀರಿ. ಗರ್ಭಕೋಶವನ್ನು ಯಾವತ್ತೂ ಕೆರೆದಿಲ್ಲ, ಆದರೂ ಮಾತ್ರೆಗೆ ಮುಟ್ಟು ಬರಲಿಲ್ಲ. ಇವೆರಡನ್ನು ಜೊತೆಯಲ್ಲಿಟ್ಟು ನೋಡಬೇಕು.

ಮೊದಲು ಆ ಮಾತ್ರೆಯ ವಿಷಯ. ನೀವು ತಗೊಂಡದ್ದು ಯಾವ ಮಾತ್ರೆ ಅಂತ ಹಳೆಯ ಚೀಟಿ ತೆಗೆದು ನೋಡಿ. ಸಾಮಾನ್ಯವಾಗಿ ಕೊಡುವುದು ಪ್ರೊಜೆಸ್ಟರಾನ್, ಐದರಿಂದ ಹತ್ತು ದಿನ. ನಿಲ್ಲಿಸಿದ ಒಂದು ವಾರದೊಳಗೆ ಮುಟ್ಟು ಬಂದರೆ, ಗರ್ಭಕೋಶ ಸರಿಯಿದೆ, ತೊಂದರೆ ಮೊಟ್ಟೆ ಬಿಡುಗಡೆಯಾಗದೇ ಇರುವುದರಲ್ಲಿದೆ ಅಂತ ಅರ್ಥ. ಬರದೇ ಇದ್ದರೆ ಎರಡು ಕಾರಣ ಇರಬಹುದು. ದೇಹದಲ್ಲಿ ಈಸ್ಟ್ರೋಜನ್ ಕಡಿಮೆಯಾಗಿ ಒಳಪದರ ಬೆಳೆದೇ ಇಲ್ಲದಿರಬಹುದು. ಅಥವಾ ಬೆಳೆಯಲು ಒಳಪದರವೇ ಉಳಿದಿಲ್ಲದಿರಬಹುದು. ಇವೆರಡರಲ್ಲಿ ಯಾವುದು ಅಂತ ತಿಳಿಯಲು ಇನ್ನೊಂದು ಸುತ್ತು ಬೇಕು. ಮೂರು ವಾರ ಈಸ್ಟ್ರೋಜನ್ ಕೊಟ್ಟು, ಕೊನೆಯ ಹತ್ತು ದಿನ ಅದರ ಜೊತೆ ಪ್ರೊಜೆಸ್ಟರಾನ್ ಸೇರಿಸುತ್ತೇವೆ. ಗೊಬ್ಬರ, ನೀರು ಎರಡನ್ನೂ ಹೊರಗಿನಿಂದಲೇ ಕೊಟ್ಟ ಹಾಗೆ. ಇಷ್ಟು ಮಾಡಿದ ಮೇಲೂ ಒಂದು ಹನಿ ರಕ್ತ ಕಾಣದಿದ್ದರೆ ತೊಂದರೆ ಮಣ್ಣಿನಲ್ಲೇ ಇದೆ, ಅಂದರೆ ಗರ್ಭಕೋಶದ ಒಳಗೇ ಇದೆ. (ಮುಟ್ಟು ನಿಂತ ಯಾರೇ ಆಗಲಿ, ಇದಕ್ಕೆಲ್ಲ ಮುಂಚೆ ಒಂದು ಪ್ರೆಗ್ನೆನ್ಸಿ ಟೆಸ್ಟ್ ಮಾಡಿಕೊಳ್ಳಬೇಕು. ನಿಮ್ಮದು ಆಗಿರುತ್ತದೆ ಅಂದುಕೊಂಡಿದ್ದೇನೆ.)

ಮನೆಯಲ್ಲೇ ಗಮನಿಸಬಹುದಾದ ಒಂದು ಸುಳಿವೂ ಇದೆ. ಮುಟ್ಟು ಬರದಿದ್ದರೂ ತಿಂಗಳಿಗೊಮ್ಮೆ ಎದೆ ಭಾರವಾಗುತ್ತಾ? ತಿಂಗಳ ನಡುವೆ ಕೆಲವು ದಿನ ಮೊಟ್ಟೆಯ ಬಿಳಿಯ ಹಾಗೆ ಎಳೆಎಳೆಯಾದ ಸ್ರಾವ ಹೋಗುತ್ತಾ? ಹೌದಾದರೆ ಅಂಡಾಶಯ ತನ್ನ ಕೆಲಸ ಮಾಡುತ್ತಿದೆ. ಗರ್ಭಕೋಶಕ್ಕೆ ಮಾತ್ರ ಅದಕ್ಕೆ ಉತ್ತರ ಕೊಡಲು ಆಗುತ್ತಿಲ್ಲ. ನಿಮ್ಮ ಹಾರ್ಮೋನ್‌ಗಳೆಲ್ಲ ಸರಿ ಬಂದಿರುವುದೂ ಅದಕ್ಕೇ ಹೊಂದುತ್ತದೆ.

ಗರ್ಭಕೋಶದ ಒಳಗೋಡೆಗಳು ಒಂದಕ್ಕೊಂದು ಅಂಟಿಕೊಳ್ಳುವುದು ಸಾಮಾನ್ಯವಾಗಿ ಹೆರಿಗೆ ಅಥವಾ ಗರ್ಭಪಾತದ ನಂತರ ಕೆರೆದಾಗ. ನಿಮಗೆ ಆ ಚರಿತ್ರೆಯೇ ಇಲ್ಲ. ಕೆರೆಯದೇ ಅಂಟಿಕೊಂಡಿದೆ ಅಂದರೆ, ಟಿಬಿ ಹೆಚ್ಚಿರುವ ದೇಶಗಳಲ್ಲಿ ನಾವು ಮೊದಲು ಯೋಚಿಸುವುದೇ ಟಿಬಿಯನ್ನು.

ಕೆಮ್ಮೇ ಇಲ್ಲದವಳ ಗರ್ಭಕೋಶಕ್ಕೆ ಅದು ಹೇಗೆ ಹೋಯಿತು? ಈ ರೋಗಾಣು ದೇಹಕ್ಕೆ ಬರುವುದು ಹೆಚ್ಚಾಗಿ ಉಸಿರಿನ ಮೂಲಕ, ಬಹಳ ಸಲ ಚಿಕ್ಕ ವಯಸ್ಸಿನಲ್ಲೇ. ಶ್ವಾಸಕೋಶದಲ್ಲಿ ಸಣ್ಣದೊಂದು ಗಾಯ ಮಾಡಿ, ಅದು ತಾನೇ ವಾಸಿಯೂ ಆಗಿರುತ್ತದೆ. ಅಷ್ಟರೊಳಗೆ ಒಂದಷ್ಟು ರೋಗಾಣು ರಕ್ತ ಹಿಡಿದು ಬೇರೆ ಕಡೆ ಹೋಗಿ ಕೂತಿರುತ್ತವೆ. ಕೆಲವರಲ್ಲಿ ಕತ್ತಿನ ಗಂಟಿನಲ್ಲಿ, ಕೆಲವರಲ್ಲಿ ಮೂಳೆಯಲ್ಲಿ, ಕೆಲವರಲ್ಲಿ ಗರ್ಭನಾಳದಲ್ಲಿ. ಅಲ್ಲಿ ವರ್ಷಗಟ್ಟಲೆ ಸುಮ್ನೆ ಮಲಗಿರಬಲ್ಲವು. ಎದ್ದಾಗ ಶ್ವಾಸಕೋಶದ ಗಾಯ ಯಾವತ್ತೋ ಮಾಸಿಹೋಗಿರುತ್ತದೆ. ಹಾಗಾಗಿ ಎಕ್ಸ್‌ರೇ ಸರಿ ಬಂದರೆ ಗರ್ಭಕೋಶದಲ್ಲಿ ಟಿಬಿ ಇಲ್ಲ ಅನ್ನುವ ಹಾಗಿಲ್ಲ. ಜ್ವರ, ತೂಕ ಇಳಿಯುವುದು ಇಲ್ಲದವರೂ ಬಹಳ ಜನ. ಮಗು ಆಗಲಿಲ್ಲ ಅಂತ ತೋರಿಸಲು ಬಂದಾಗಲೇ ಗೊತ್ತಾಗುವುದು ಜಾಸ್ತಿ.

ಈ ರೋಗ ಮೊದಲು ಹಿಡಿಯುವುದು ಗರ್ಭನಾಳವನ್ನು. ಜನನಾಂಗದ ಟಿಬಿ ಇರುವವರಲ್ಲಿ ಹೆಚ್ಚುಕಡಿಮೆ ಎಲ್ಲರಿಗೂ ಟ್ಯೂಬ್‌ನಲ್ಲಿ ರೋಗ ಇರುತ್ತದೆ. ಅದೂ ಎರಡೂ ಕಡೆ. ಅಲ್ಲಿಂದ ಕೆಳಗಿಳಿದು ಗರ್ಭಕೋಶದ ಒಳಪದರಕ್ಕೆ ಬರುವುದು ಸುಮಾರು ಅರ್ಧದಷ್ಟು ಜನರಲ್ಲಿ. ಈ ಒಳಪದರದಲ್ಲಿ ಎರಡು ಹಾಸು ಇವೆ. ಮೇಲಿನ ಹಾಸು ಪ್ರತಿ ತಿಂಗಳು ಮುಟ್ಟಾಗಿ ಉದುರುತ್ತದೆ. ಕೆಳಗಿನದು ಉಳಿದುಕೊಂಡು ಹೊಸ ಹಾಸನ್ನು ಚಿಗುರಿಸುತ್ತದೆ. ರೋಗ ಮೇಲಿನ ಹಾಸಿನಲ್ಲೇ ಇರುವವರೆಗೆ ತಿಂಗಳಿಗೊಮ್ಮೆ ತೊಳೆದುಹೋಗುತ್ತದೆ, ಟ್ಯೂಬ್‌ನಿಂದ ಮತ್ತೆ ಬಂದು ಸೇರುತ್ತದೆ. ಆಗ ಮುಟ್ಟು ಮೊದಲಿನ ಹಾಗೇ ಇರಬಹುದು. ಕೆಳಗಿನ ಹಾಸಿಗೆ ಇಳಿದಾಗಲೇ ತೊಂದರೆ. ಅಲ್ಲಿ ಗಾಯವಾಗಿ, ಗಾಯ ಕಲೆಯಾಗಿ, ಕಲೆ ಬಿದ್ದ ಜಾಗದಲ್ಲಿ ಏನೂ ಚಿಗುರುವುದಿಲ್ಲ. ಐದು ದಿನದ ಮುಟ್ಟು ಮೂರಕ್ಕೆ, ಮೂರು ಒಂದಕ್ಕೆ, ಒಂದು ಬರೀ ರಕ್ತದ ಕಲೆಗೆ ಇಳಿಯುವುದು ಹೀಗೆ. ವರ್ಷವಿಡೀ ನಿಧಾನಕ್ಕೆ ಕಡಿಮೆಯಾಗುತ್ತಾ ಬಂದ ಮುಟ್ಟನ್ನು ಟೆನ್ಷನ್ ಅಂತಲೋ ತೂಕ ಅಂತಲೋ ಹೇಳಿ ಕಳಿಸುವುದನ್ನು ನೋಡಿದಾಗ ನನಗೆ ತುಂಬಾ ಸಂಕಟವಾಗುತ್ತದೆ. ಆ ಕಡಿಮೆಯಾಗುವ ಕಾಲವೇ ಏನಾದರೂ ಉಳಿಸಿಕೊಳ್ಳಬಹುದಾದ ಕಾಲ.

ಈಗ ನಿಮ್ಮ ಪಿಸಿಆರ್‌ಗೆ ಬರೋಣ. ಆ ಪರೀಕ್ಷೆ ಹುಡುಕುವುದು ರೋಗಾಣುವಿನ ಡಿಎನ್‌ಎ ತುಣುಕನ್ನು. ರೋಗಾಣು ಬದುಕಿದೆಯೋ ಯಾವತ್ತೋ ಸತ್ತಿದೆಯೋ ಅದಕ್ಕೆ ಗೊತ್ತಾಗುವುದಿಲ್ಲ. ಲ್ಯಾಬಿನಲ್ಲಿ ಬೇರೆ ಸ್ಯಾಂಪಲ್‌ನ ಒಂದು ಕಣ ಬೆರೆತರೂ ಪಾಸಿಟಿವ್ ಬರುತ್ತದೆ. ಹೀಗಾಗಿ, ಮುಟ್ಟು ಸರಿಯಾಗಿದ್ದು ಟ್ಯೂಬ್ ತೆರೆದಿರುವ ಹೆಣ್ಣಿಗೆ ಬರೀ ಪಿಸಿಆರ್ ನೋಡಿ ಆರು ತಿಂಗಳ ಔಷಧ ಕೊಡುವುದು ತಪ್ಪು ಅನ್ನುವುದು ನನ್ನ ಅಭಿಪ್ರಾಯ. ನಿಮ್ಮ ಹಾಗೆ ಬೇರೆ ಸುಳಿವುಗಳೂ ಇರುವವರಲ್ಲಿ ಅದೇ ಪಾಸಿಟಿವ್‌ಗೆ ಬೆಲೆ ಇದೆ. ಆದರೆ ಅದು ಮುಂದೆ ಹುಡುಕಲು ಕಾರಣ, ತೀರ್ಪಲ್ಲ.

ತೀರ್ಪು ಅನ್ನಬಹುದಾದದ್ದು ಮೂರು. ಕಲ್ಚರ್‌ನಲ್ಲಿ ರೋಗಾಣು ಬೆಳೆಯಬೇಕು, ಅಥವಾ ಜೀನ್‌ಎಕ್ಸ್‌ಪರ್ಟ್ ಪರೀಕ್ಷೆಯಲ್ಲಿ ಸಿಗಬೇಕು, ಅಥವಾ ಬಯಾಪ್ಸಿಯಲ್ಲಿ ಟಿಬಿಯ ಗುರುತಾದ ಗ್ರಾನ್ಯುಲೋಮ, ಅಂದರೆ ಉರಿಯೂತದ ಜೀವಕೋಶಗಳ ಸಣ್ಣ ಗಂಟು, ಕಾಣಬೇಕು. ಕಷ್ಟ ಎಲ್ಲಿದೆ ಅಂದರೆ, ಗರ್ಭಕೋಶದಲ್ಲಿ ಈ ರೋಗಾಣುಗಳ ಸಂಖ್ಯೆ ಬಹಳ ಕಡಿಮೆ. ಕಫದಲ್ಲಿ ಸಿಗುವ ಹಾಗೆ ಇಲ್ಲಿ ರಾಶಿ ಇರುವುದಿಲ್ಲ. ಮೈಕ್ರೋಸ್ಕೋಪ್‌ನಲ್ಲಿ ಕಾಣಬೇಕಾದರೆ ಒಂದು ಮಿಲಿಯಲ್ಲಿ ಸುಮಾರು 10,000 ಇರಬೇಕು. ಕಲ್ಚರ್‌ಗೆ ಹತ್ತರಿಂದ ನೂರು ಸಾಕು, ಆದರೆ ಅವು ಜೀವಂತವಾಗಿರಬೇಕು, ಆರು ವಾರದವರೆಗೆ ಕಾಯಬೇಕು. ಜೀನ್‌ಎಕ್ಸ್‌ಪರ್ಟ್ ಎರಡು ಗಂಟೆಯಲ್ಲಿ ಉತ್ತರ ಕೊಡುತ್ತದೆ, ರಿಫಾಂಪಿಸಿನ್ ಔಷಧಕ್ಕೆ ರೋಗಾಣು ಬಗ್ಗುತ್ತದೋ ಇಲ್ಲವೋ ಅದನ್ನೂ ಹೇಳುತ್ತದೆ. ಅದು ಪಾಸಿಟಿವ್ ಬಂದರೆ ನಂಬಬಹುದು. ನೆಗೆಟಿವ್ ಬಂದರೆ ರೋಗ ಇಲ್ಲ ಅನ್ನಲಾಗದು.

ಇಲ್ಲಿ ಒಂದು ಸಣ್ಣ ವಿಷಯ ಹೇಳುತ್ತೇನೆ, ದಯವಿಟ್ಟು ಮರೆಯಬೇಡಿ. ಗರ್ಭಕೋಶದಿಂದ ತೆಗೆದ ಚೂರನ್ನು ಎರಡು ಬಾಟಲಿಗೆ ಹಾಕಬೇಕು. ಒಂದರಲ್ಲಿ ಫಾರ್ಮಾಲಿನ್ ಇರುತ್ತದೆ, ಮೂಗಿಗೆ ಚುಚ್ಚುವ ವಾಸನೆಯದು. ಅದು ಬಯಾಪ್ಸಿಗೆ. ಇನ್ನೊಂದರಲ್ಲಿ ಬರೀ ಸಲೈನ್, ಅಂದರೆ ಉಪ್ಪುನೀರು. ಅದು ಕಲ್ಚರ್‌ಗೆ ಮತ್ತು ಜೀನ್‌ಎಕ್ಸ್‌ಪರ್ಟ್‌ಗೆ. ಪೂರ್ತಿ ಚೂರು ಫಾರ್ಮಾಲಿನ್‌ಗೆ ಬಿದ್ದರೆ ರೋಗಾಣು ಅಲ್ಲೇ ಸಾಯುತ್ತದೆ, ಆಮೇಲೆ ಯಾವ ಲ್ಯಾಬೂ ಅದನ್ನು ಬೆಳೆಸಲಾರದು. ಇದು ಆಗಾಗ ಆಗುವ ತಪ್ಪು. ಹಾಗಾಗಿ ಆಪರೇಷನ್‌ಗೆ ಹೋಗುವ ಮುಂಚೆಯೇ ಡಾಕ್ಟರನ್ನು ಕೇಳಿ: "ಕಲ್ಚರ್‌ಗೆ ಸಲೈನ್‌ನಲ್ಲೂ ಕಳಿಸುತ್ತೀರಾ?" ಕೇಳುವುದರಲ್ಲಿ ಸಂಕೋಚ ಬೇಡ. ಮುಟ್ಟು ಸ್ವಲ್ಪವಾದರೂ ಬರುವವರಲ್ಲಿ ಚೂರು ತೆಗೆಯಬೇಕಾದದ್ದು ಮುಟ್ಟು ಬರುವ ಹತ್ತಿರದ ದಿನಗಳಲ್ಲಿ. ಗ್ರಾನ್ಯುಲೋಮ ರೂಪುಗೊಳ್ಳಲು ಸಮಯ ಬೇಕು. ಮುಟ್ಟಾದ ತಕ್ಷಣ ತೆಗೆದರೆ ಅದು ಉದುರಿ ಹೋಗಿರುತ್ತದೆ. ನಿಮಗೆ ಮುಟ್ಟೇ ಇಲ್ಲದಿರುವುದರಿಂದ ದಿನದ ಲೆಕ್ಕ ಬೇಕಿಲ್ಲ.

ನಾನು ನೋಡಿದ ಒಬ್ಬ ಹುಡುಗಿಯ ವಿಷಯ ಹೇಳುತ್ತೇನೆ. 24 ವರ್ಷ. ಮೂರು ವರ್ಷದಲ್ಲಿ ಮುಟ್ಟು ನಾಲ್ಕು ದಿನದಿಂದ ಒಂದು ದಿನದ ಕಲೆಗೆ ಇಳಿದಿತ್ತು. ಬೇರೆ ಕಡೆ ತೆಗೆದಿದ್ದ ಚೂರು ಪೂರ್ತಿ ಫಾರ್ಮಾಲಿನ್‌ನಲ್ಲಿ ಹೋಗಿತ್ತು, ಬಯಾಪ್ಸಿಯಲ್ಲಿ ಬರೀ ಉರಿಯೂತ ಅಂತ ಬಂದಿತ್ತು. ಸ್ಕ್ಯಾನ್‌ನಲ್ಲಿ ತಿಂಗಳ ನಡುವೆ ಒಳಪದರ 3 ಮಿಲಿಮೀಟರ್ ಇತ್ತು, ಅಂಡಾಶಯದಲ್ಲಿ ಮೊಟ್ಟೆ ಮಾತ್ರ ಚೆನ್ನಾಗಿ ಬೆಳೆಯುತ್ತಿತ್ತು. ಮುಟ್ಟು ಬರುವ ಹಿಂದಿನ ದಿನಕ್ಕೆ ಸರಿಯಾಗಿ ಹಿಸ್ಟರೋಸ್ಕೋಪಿ ಮತ್ತು ಲ್ಯಾಪರೋಸ್ಕೋಪಿ ಎರಡನ್ನೂ ಒಂದೇ ಸಲ ಮಾಡಿದೆವು. ಹಿಸ್ಟರೋಸ್ಕೋಪಿ ಅಂದರೆ ಕೆಳಗಿನಿಂದ ಸಣ್ಣ ಕ್ಯಾಮೆರಾ ಹಾಕಿ ಗರ್ಭಕೋಶದ ಒಳಗೆ ನೋಡುವುದು. ಆರೋಗ್ಯವಾಗಿದ್ದರೆ ಒಳಗೆ ತಿಳಿಗೆಂಪು ವೆಲ್ವೆಟ್‌ನ ಹಾಗೆ ಕಾಣುತ್ತದೆ. ಅವಳದು ಬಿಳಿಚಿಕೊಂಡಿತ್ತು. ಎಡಗಡೆ ಮುಂಗೋಡೆಗೂ ಹಿಂಗೋಡೆಗೂ ನಡುವೆ ಕಂಬದ ಹಾಗೆ ಒಂದು ಅಂಟು, ಅದರ ಹಿಂದೆ ಎಡ ಟ್ಯೂಬ್‌ನ ಬಾಯಿ ಮುಚ್ಚಿಹೋಗಿತ್ತು. ಲ್ಯಾಪರೋಸ್ಕೋಪಿಯಲ್ಲಿ, ಅಂದರೆ ಹೊಟ್ಟೆಯ ಮೂಲಕ ಕ್ಯಾಮೆರಾ ಹಾಕಿ ನೋಡಿದಾಗ, ಎರಡೂ ಟ್ಯೂಬ್‌ಗಳು ಗಟ್ಟಿಯಾಗಿದ್ದವು. ಎಡಗಡೆಯದು ಮಣಿ ಪೋಣಿಸಿದ ಹಾಗೆ ಅಲ್ಲಲ್ಲಿ ಉಬ್ಬಿತ್ತು. ಗರ್ಭಕೋಶದ ಹಿಂಬದಿಯಲ್ಲಿ ಸಾಸಿವೆ ಕಾಳಿನಷ್ಟು ಬಿಳಿ ಚುಕ್ಕೆಗಳು ಹರಡಿದ್ದವು. ಆ ಚುಕ್ಕೆಗಳಿಂದ ಒಂದೆರಡು ಚೂರು, ಒಳಪದರದಿಂದ ಒಂದಷ್ಟು ಚೂರು ತೆಗೆದು ಎರಡೂ ಬಾಟಲಿಗೆ ಹಾಕಿ ಕಳಿಸಿದೆವು.

ಒಳಪದರದ ಜೀನ್‌ಎಕ್ಸ್‌ಪರ್ಟ್ ನೆಗೆಟಿವ್ ಬಂತು. ಬಿಳಿ ಚುಕ್ಕೆಯ ಬಯಾಪ್ಸಿಯಲ್ಲಿ ಗ್ರಾನ್ಯುಲೋಮ ಸಿಕ್ಕಿತು. ಐದನೇ ವಾರದಲ್ಲಿ ಕಲ್ಚರ್ ಕೂಡ ಬೆಳೆಯಿತು. ಗರ್ಭಕೋಶದ ಚೂರೊಂದನ್ನೇ ನಂಬಿದ್ದರೆ ಅವಳನ್ನು ಮತ್ತೆ ನಾರ್ಮಲ್ ಅಂತ ಕಳಿಸುತ್ತಿದ್ದೆವು. ಅದಕ್ಕೇ ನಿಮಗೂ ನಾನು ಹೇಳುವುದು ಈ ಎರಡು ಕ್ಯಾಮೆರಾ ಪರೀಕ್ಷೆಗಳನ್ನೇ. ಟ್ಯೂಬ್ ತೆರೆದಿದೆಯಾ ನೋಡಲು ಬಣ್ಣದ ದ್ರಾವಣ ಹಾಕಿ ಎಕ್ಸ್‌ರೇ ತೆಗೆಯುವ ಎಚ್‌ಎಸ್‌ಜಿ ಅಂತ ಒಂದಿದೆ. ರೋಗ ಈಗ ಜೀವಂತವಾಗಿದೆ ಅನ್ನುವ ಅನುಮಾನ ಇರುವಾಗ ಅದು ಬೇಡ. ದ್ರಾವಣದ ಒತ್ತಡಕ್ಕೆ ಸೋಂಕು ಹೊಟ್ಟೆಯೊಳಗೆ ಕೆದರಬಹುದು.

ರೋಗ ಖಚಿತವಾದರೆ ಔಷಧದ ದಾರಿ ಶ್ವಾಸಕೋಶದ ಟಿಬಿಗೆ ಇರುವುದೇ. ಮೊದಲ ಎರಡು ತಿಂಗಳು ಐಸೋನಿಯಾಜಿಡ್, ರಿಫಾಂಪಿಸಿನ್, ಪೈರಾಜಿನಮೈಡ್, ಇಥಾಂಬ್ಯುಟಾಲ್ ಅಂತ ನಾಲ್ಕು ಔಷಧ, ಮುಂದಿನ ನಾಲ್ಕು ತಿಂಗಳು ಅವುಗಳಲ್ಲಿ ಎರಡೋ ಮೂರೋ. ದಿನಾ ನುಂಗಬೇಕು, ಪ್ರಮಾಣ ನಿಮ್ಮ ತೂಕದ ಮೇಲೆ. ಮೂತ್ರ ಕಿತ್ತಳೆ ಬಣ್ಣಕ್ಕೆ ತಿರುಗುತ್ತದೆ, ಅದಕ್ಕೆ ಹೆದರಬೇಡಿ. ಕಣ್ಣು ಹಳದಿಯಾದರೆ, ಊಟ ಸೇರದೆ ವಾಂತಿ ಶುರುವಾದರೆ, ಕೆಂಪು ಹಸಿರು ಬಣ್ಣ ಮಂಕಾಗಿ ಕಂಡರೆ ಅವತ್ತೇ ತೋರಿಸಿ. ಮೊದಲನೆಯವು ಲಿವರ್‌ನ ಸೂಚನೆ, ಕೊನೆಯದು ಇಥಾಂಬ್ಯುಟಾಲ್ ಕಣ್ಣಿನ ನರಕ್ಕೆ ತಾಗುತ್ತಿರುವ ಸೂಚನೆ. ಶ್ವಾಸಕೋಶದಲ್ಲಿ ರೋಗ ಇಲ್ಲದಿದ್ದರೆ ಇದು ಮನೆಯವರಿಗೆ ಉಸಿರಿನಿಂದ ಹರಡುವುದಿಲ್ಲ. ತಟ್ಟೆ ಲೋಟ ಬೇರೆ ಮಾಡಬೇಕಿಲ್ಲ.

ರಿಫಾಂಪಿಸಿನ್ ಬಗ್ಗೆ ಇನ್ನೊಂದು ಮಾತು. ಅದು ಲಿವರ್‌ಗೆ ಚುರುಕು ಮುಟ್ಟಿಸಿ, ನೀವು ನುಂಗಿದ ಹಾರ್ಮೋನನ್ನು ಬೇಗ ಬೇಗ ಒಡೆದುಹಾಕುತ್ತದೆ. ಹಾಗಾಗಿ ಟಿಬಿ ಔಷಧದ ಜೊತೆಗೇ ಮುಟ್ಟು ಬರಿಸಲು ಈಸ್ಟ್ರೋಜನ್ ಕೊಟ್ಟು, ಬರಲಿಲ್ಲ ಅಂತ ನಿರಾಶೆಪಟ್ಟರೆ ಆ ಪರೀಕ್ಷೆಗೆ ಅರ್ಥವಿಲ್ಲ. ಗರ್ಭನಿರೋಧಕ ಮಾತ್ರೆಯನ್ನೂ ಆ ಆರು ತಿಂಗಳು ನಂಬುವ ಹಾಗಿಲ್ಲ, ಕಾಂಡೋಮ್ ಬಳಸಿ.

ಮುಟ್ಟು ವಾಪಸ್ ಬರುತ್ತಾ ಅನ್ನುವುದಕ್ಕೆ ನೇರವಾಗಿ ಹೇಳುತ್ತೇನೆ. ಮಾತ್ರೆ ರೋಗಾಣುವನ್ನು ಕೊಲ್ಲುತ್ತದೆ. ಕಲೆ ಬಿದ್ದ ಜಾಗವನ್ನು ಮತ್ತೆ ಚಿಗುರಿಸುವುದಿಲ್ಲ. ಆರು ತಿಂಗಳು ಮುಗಿದ ಮೇಲೆ ಮತ್ತೊಮ್ಮೆ ಹಿಸ್ಟರೋಸ್ಕೋಪಿ ಮಾಡಿ ಅಂಟುಗಳನ್ನು ಕತ್ತರಿಸಬಹುದು, ಆಮೇಲೆ ಒಂದೆರಡು ತಿಂಗಳು ಈಸ್ಟ್ರೋಜನ್ ಕೊಟ್ಟು ಉಳಿದಿರುವ ಪದರವನ್ನು ಬೆಳೆಸಲು ನೋಡಬಹುದು. ತೆಳ್ಳಗಿನ ಅಂಟು ಇದ್ದು ನಡುನಡುವೆ ಒಳ್ಳೆಯ ಪದರ ಉಳಿದಿದ್ದರೆ ಫಲ ಸಿಗುತ್ತದೆ. ನಾನು ಹೇಳಿದ ಹುಡುಗಿಗೆ ಎರಡು ದಿನದ ಮುಟ್ಟು ವಾಪಸ್ ಬಂತು. ಆದರೆ ಪೂರ್ತಿ ಮುಟ್ಟು ನಿಂತು, ಒಳಗಿನ ಜಾಗವೇ ಮುಚ್ಚಿಕೊಂಡಿದ್ದರೆ ಟಿಬಿಯಿಂದಾದ ಅಂಟು ಕೆರೆತದಿಂದಾದ ಅಂಟಿಗಿಂತ ಹಠಮಾರಿ. ಕತ್ತರಿಸಿದರೂ ಮತ್ತೆ ಕೂಡಿಕೊಳ್ಳುತ್ತದೆ, ಕತ್ತರಿಸುವಾಗ ಗರ್ಭಕೋಶಕ್ಕೆ ತೂತಾಗುವ ಅಪಾಯವೂ ಇದೆ. ಇಂಥ ಕಡೆ ಮೂರು ನಾಲ್ಕು ಸಲ ಕತ್ತರಿಸುತ್ತಾ ಹೋಗುವುದನ್ನು ನಾನು ಒಪ್ಪುವುದಿಲ್ಲ. ನಿಮ್ಮದು ಇವೆರಡರಲ್ಲಿ ಎಲ್ಲಿ ನಿಲ್ಲುತ್ತದೆ ಅನ್ನುವುದು ಒಳಗೆ ನೋಡದೆ ಯಾರಿಗೂ ಹೇಳಲಾಗದು. ಏಳು ತಿಂಗಳು ಮುಟ್ಟು ನಿಂತಿರುವುದು ಒಳ್ಳೆಯ ಸೂಚನೆಯಲ್ಲ ಅನ್ನುವುದನ್ನು ಮಾತ್ರ ಮುಚ್ಚಿಡಲಾರೆ.

ಮಗುವಿನ ವಿಷಯದಲ್ಲಿ ಟ್ಯೂಬ್, ಒಳಪದರ ಎರಡನ್ನೂ ಬೇರೆ ಬೇರೆಯಾಗಿ ಯೋಚಿಸಿ. ಟ್ಯೂಬ್ ಹಾಳಾಗಿದ್ದರೆ ಐವಿಎಫ್ ಇದೆ, ಅದಕ್ಕೆ ಟ್ಯೂಬ್ ಬೇಕಿಲ್ಲ. ಹಾಳಾದ ಟ್ಯೂಬನ್ನು ಆಪರೇಷನ್ ಮಾಡಿ ತೆರೆಸಲು ಹೋಗಬೇಡಿ, ಟಿಬಿಯಲ್ಲಿ ಅದರಿಂದ ಪ್ರಯೋಜನವಾಗುವುದು ಅಪರೂಪ. ನೀರು ತುಂಬಿ ಊದಿಕೊಂಡ ಟ್ಯೂಬ್ ಇದ್ದರೆ ಐವಿಎಫ್‌ಗೆ ಮುಂಚೆ ಅದನ್ನು ತೆಗೆಯಬೇಕು ಅಥವಾ ಬುಡದಲ್ಲಿ ಮುಚ್ಚಬೇಕು, ಇಲ್ಲದಿದ್ದರೆ ಆ ನೀರು ಗರ್ಭಕೋಶಕ್ಕೆ ಇಳಿದು ಭ್ರೂಣ ನಿಲ್ಲದ ಹಾಗೆ ಮಾಡುತ್ತದೆ. ಒಳಪದರಕ್ಕೆ ಮಾತ್ರ ಬದಲಿ ಇಲ್ಲ. ಅದು 7 ಮಿಲಿಮೀಟರ್‌ವರೆಗಾದರೂ ಬೆಳೆದರೆ ಧೈರ್ಯವಾಗಿ ಮುಂದುವರಿಯಬಹುದು, ಕಡಿಮೆಯಾದಷ್ಟೂ ಅವಕಾಶ ಕುಗ್ಗುತ್ತದೆ. ಆ ಹುಡುಗಿಗೆ ಎಷ್ಟು ಪ್ರಯತ್ನಪಟ್ಟರೂ 6ಕ್ಕಿಂತ ಮೇಲೆ ಹೋಗಲಿಲ್ಲ. ಮೊದಲ ಐವಿಎಫ್ ನಿಲ್ಲಲಿಲ್ಲ, ಎರಡನೆಯದು ನಿಂತಿತು. ಅವಳಿಗಿಂತ ದಪ್ಪ ಪದರ ಇದ್ದೂ ನಿಲ್ಲದವರನ್ನೂ ಕಂಡಿದ್ದೇನೆ. ಪದರ ಬೆಳೆಯುವುದೇ ಇಲ್ಲ ಅಂತ ಖಚಿತವಾದರೆ, ನಿಮ್ಮ ಮೊಟ್ಟೆ ಚೆನ್ನಾಗಿರುವುದರಿಂದ ಬಾಡಿಗೆ ತಾಯಿಯ ದಾರಿ, ಇಲ್ಲವೇ ದತ್ತು. ಐವಿಎಫ್ ಮೇಲೆ ಐವಿಎಫ್ ಮಾಡಿಸಿಕೊಂಡು ಸುಸ್ತಾಗುವ ಮುಂಚೆ ಆ ಮಾತನ್ನು ನಿಮ್ಮ ಡಾಕ್ಟರ್ ಜೊತೆ ಬಿಡಿಸಿ ಆಡಿ.

ಔಷಧ ಮುಗಿದ ಮೇಲೆ ತಾನಾಗಿಯೇ ಆಗಲಿ ಐವಿಎಫ್‌ನಿಂದಾಗಲಿ ಪ್ರೆಗ್ನೆನ್ಸಿ ಟೆಸ್ಟ್ ಪಾಸಿಟಿವ್ ಬಂದರೆ, ಆರು ವಾರ ತುಂಬುವಾಗ ಸ್ಕ್ಯಾನ್ ಮಾಡಿಸಿ ಮಗು ಗರ್ಭಕೋಶದೊಳಗೇ ಇದೆಯಾ ನೋಡಿಸಿಕೊಳ್ಳಿ. ಟಿಬಿ ಆದ ಟ್ಯೂಬ್‌ನಲ್ಲಿ ಗರ್ಭ ಸಿಕ್ಕಿಹಾಕಿಕೊಳ್ಳುವ ಸಾಧ್ಯತೆ ಬೇರೆಯವರಿಗಿಂತ ಜಾಸ್ತಿ. ಕೆಳಹೊಟ್ಟೆಯ ಒಂದು ಪಕ್ಕದಲ್ಲಿ ನೋವು ಹಿಡಿದರೆ, ರಕ್ತದ ಕಲೆ ಕಂಡರೆ, ತಲೆ ಸುತ್ತಿ ಕಣ್ಣು ಕತ್ತಲೆ ಬಂದರೆ ಬೆಳಗಾಗಲಿ ಅಂತ ಕಾಯಬೇಡಿ. ಆ ಹೊತ್ತಿಗೇ ಆಸ್ಪತ್ರೆಗೆ ಹೋಗಿ, ಮೊದಲೇ ಟಿಬಿ ಆಗಿತ್ತು ಅನ್ನುವುದನ್ನು ಅಲ್ಲಿಯವರಿಗೆ ಹೇಳಿ.